ಕಸಿನ್ ಅಂದರೆ ಕಸಿನ್ ಅಷ್ಟೇ ಎಂದವಳಿಗೆ, ಪಾವಗಡದಿಂದ

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿ ಕೂತಿದೆ. "ಕನ್ನಡದಾಕಿ ಆಗಿ ತೆಲುಗಿಗೆ ಯಾಕ ಅನುವಾದ ಮಾಡ್ತಿ? ಅದೂ ಇಪ್ಪತ್ತು ಪುಟದ ಲೇಖನಕ್ಕ ಎರಡು ತಿಂಗಳು! ಕಸಿನ್ ಅಂದ್ರ ಕಸಿನ್, ಅಂಕಲ್ ಅಂದ್ರ ಅಂಕಲ್, ಅಷ್ಟ ಅಲ್ಲೇನು?"

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ನಕಾಶೆ ತೆಗೆದು ಪಾವಗಡ ಎಲ್ಲಿದೆ ನೋಡು. ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ನಮ್ಮ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಮತ್ತೆ ಕನ್ನಡ. ಅಮ್ಮನ ತವರು ಮಡಕಶಿರಾ. ಅದು ಆಂಧ್ರದಲ್ಲಿದ್ದರೂ ಅಲ್ಲಿನ ನಮ್ಮ ಬಂಧುಗಳಲ್ಲಿ ಅರ್ಧ ಜನ ಕನ್ನಡವನ್ನೇ ಆಡುತ್ತಾರೆ. ಎರಡು ಭಾಷೆ ಇಟ್ಟುಕೊಂಡವರಿಗೆ ಒಂದೂ ನೆಟ್ಟಗೆ ಬರುವುದಿಲ್ಲ ಅನ್ನುವ ಅನುಮಾನ ನಿನ್ನ ದನಿಯಲ್ಲಿತ್ತು. ಅದನ್ನು ನಾನು ಒಪ್ಪುವುದಿಲ್ಲ. ನನಗೆ ಎರಡೂ ಮನೆಯ ಭಾಷೆಗಳೇ.

ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಹೊತ್ತು ಕೂತು ಓದು.

ನಾನು ಅನುವಾದಿಸುತ್ತಿರುವುದು ಮಾನವಶಾಸ್ತ್ರದ ಒಂದು ಇಂಗ್ಲಿಷ್ ಲೇಖನ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಲೋಕದ ನಾನಾ ಜನಗಳ ನೆಂಟಸ್ತಿಕೆಯ ಪದಗಳನ್ನು ಕೋಷ್ಟಕಗಳಲ್ಲಿ ಜೋಡಿಸಿ ದೊಡ್ಡ ಗ್ರಂಥ ಪ್ರಕಟಿಸಿದ. ಅದರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇವೆ. ನ್ಯೂಯಾರ್ಕ್ ಸೀಮೆಯ ಸೆನೆಕಾ ಎಂಬ ಮೂಲನಿವಾಸಿಗಳೂ ನಮ್ಮ ದಕ್ಷಿಣದವರೂ ನೆಂಟರನ್ನು ಕರೆಯುವ ರೀತಿ ಒಂದೇ ಎಂದು ಕಂಡು ಅವನು ಬೆರಗಾಗಿದ್ದ. ಇಬ್ಬರಲ್ಲೂ ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ, ಅಮ್ಮನ ಅಕ್ಕತಂಗಿಯರು ಅಮ್ಮಂದಿರೇ. ಸೋದರಮಾವ, ಸೋದರತ್ತೆ ಮಾತ್ರ ಬೇರೆ. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎನ್ನುವುದೇ ಲೇಖನದ ವಿಷಯ. ಅರ್ಧ ಭಾಗ ಸೆನೆಕಾ ಜನರದು, ಇನ್ನರ್ಧ ಒಂದು ತೆಲುಗು ಹಳ್ಳಿಯದು.

ತೆಲುಗು ಹಳ್ಳಿಯ ಭಾಗ ಸುಲಭವಾಗಬೇಕಿತ್ತು. ಅಲ್ಲೇ ನಾನು ಮೊದಲು ಎಡವಿದ್ದು. ಇಂಗ್ಲಿಷಿನ 'ಕ್ರಾಸ್ ಕಸಿನ್' ಅಂದರೆ ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳು. ಅವರೊಳಗಿನ ಮದುವೆಗೆ ನಾವು ಸೋದರ ಸಂಬಂಧ ಎನ್ನುತ್ತೇವಲ್ಲ, ಅದೇ ಗುಂಗಿನಲ್ಲಿ ತೆಲುಗಿನಲ್ಲೂ 'ಸೋದರ ಸಂಬಂಧಂ' ಎಂದು ಬರೆದುಬಿಟ್ಟೆ. ಕರಡು ಓದಿದ ಅನಂತಪುರದ ಮೇಡಂ ಒಬ್ಬರು ಗಾಬರಿಯಿಂದ ಫೋನ್ ಮಾಡಿದರು. ತೆಲುಗಿನಲ್ಲಿ ಸೋದರ ಅಂದರೆ ಒಡಹುಟ್ಟಿದವನು ಮಾತ್ರ. ಆ ಹಳ್ಳಿಯಲ್ಲಿ ಅಣ್ಣತಂಗಿಯರು ಮದುವೆಯಾಗುತ್ತಾರೆ ಎಂದು ನಾನು ಬರೆದಂತಾಗಿತ್ತು! ನಮ್ಮ 'ಸೋದರ' ಮಾಡುವ ಕೆಲಸವನ್ನು ತೆಲುಗಿನಲ್ಲಿ 'ಮೇನ' ಮಾಡುತ್ತದೆ. ಸೋದರತ್ತೆ ಅಲ್ಲಿ ಮೇನತ್ತ, ಸೋದರಮಾವ ಮೇನಮಾಮ, ಸೋದರಳಿಯ ಮೇನಲ್ಲುಡು. ಅಂಥ ಮದುವೆಗೆ ಮೇನರಿಕಂ. ಈ ಪದ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಎದುರಿಗೆ ಇಂಗ್ಲಿಷ್ ಹಾಳೆ ಇದ್ದಾಗ ಕೈ ಬೇರೆ ಕಡೆ ಹೋಯಿತು.

ಹೀಗೆ ನೋಡಿದರೆ 'ಕ್ರಾಸ್' ಎಂಬ ಮಾತಿಗೆ ಹೊಸ ಪದವನ್ನು ಟಂಕಿಸುವ ಅಗತ್ಯವೇ ಇಲ್ಲ. ಅಡ್ಡ, ಸಮಾಂತರ ಎಂದೆಲ್ಲ ನಿಘಂಟಿನಿಂದ ಎತ್ತಿ ತಂದರೆ ತೆಲುಗಿನವರಿಗೆ ತಮ್ಮ ಮನೆಯ ವಿಷಯವೇ ರೇಖಾಗಣಿತವಾಗುತ್ತದೆ. 'ಪ್ಯಾರಲೆಲ್ ಕಸಿನ್', ಅಂದರೆ ಅಪ್ಪನ ಅಣ್ಣತಮ್ಮಂದಿರ ಅಥವಾ ಅಮ್ಮನ ಅಕ್ಕತಂಗಿಯರ ಮಕ್ಕಳು, ಅಂತೂ ಇನ್ನೂ ಕಷ್ಟ. ಪೆದನಾನ್ನನ, ಅಂದರೆ ದೊಡ್ಡಪ್ಪನ, ಮಗ ಅಲ್ಲಿ ಕಸಿನ್ ಅಲ್ಲವೇ ಅಲ್ಲ, ಅವನು ಅನ್ನ ಅಥವಾ ತಮ್ಮುಡು. ಮೊದಲು ಅಣ್ಣನನ್ನು ಕಸಿನ್ ಮಾಡಿ, ಆಮೇಲೆ 'ಇವರು ಕಸಿನ್‌ನನ್ನು ಅಣ್ಣ ಎಂದು ಕರೆಯುತ್ತಾರೆ' ಎಂದು ವಿವರಿಸುವುದು ಇಂಗ್ಲಿಷಿನವರ ಅಗತ್ಯ. ತೆಲುಗು ಓದುಗರಿಗೆ ಅದು ಬೇಡ. ಸ್ವಂತ ಅಣ್ಣನನ್ನು ಬೇರೆಯಾಗಿ ತೋರಿಸಲೇಬೇಕಾದ ಕಡೆ ತೋಡಬುಟ್ಟಿನ ಅನ್ನ ಎಂದರೆ ಸಾಕು. ನಮ್ಮ ಒಡಹುಟ್ಟಿದ ಅಣ್ಣನೇ.

'ನೆಂಟಸ್ತಿಕೆಯ ವರ್ಗ' ಎಂದು ಲೇಖನ ಪುಟಪುಟಕ್ಕೂ ಹೇಳುತ್ತದೆ. ಅದಕ್ಕೂ ಮನೆಯಲ್ಲೇ ಪದ ಇತ್ತು: ವರುಸ. ಮದುವೆಮನೆಯಲ್ಲಿ ಗುರುತಿಲ್ಲದವರು ಎದುರಾದರೆ ನಮ್ಮ ಕಡೆ ಹೆಸರಿಗಿಂತ ಮೊದಲು ಕೇಳುವುದು "ಏ ವರುಸ ಅವುತಾಡು?" ಎಂದು. ನಾವೂ ಕನ್ನಡದಲ್ಲಿ 'ವರಸೆಯಲ್ಲಿ ಮಾವ ಆಗಬೇಕು' ಎನ್ನುತ್ತೇವಲ್ಲ, ಅದೇ. ರಕ್ತ ಹತ್ತಿರದ್ದೋ ದೂರದ್ದೋ ಎಂಬ ಪ್ರಶ್ನೆ ಅಲ್ಲಿಲ್ಲ. ಯಾವ ಸಾಲಿನಲ್ಲಿ ನಿಲ್ಲುತ್ತಾನೆ ಎನ್ನುವುದಷ್ಟೇ ಮುಖ್ಯ. ಆ ಒಂದು ಪದದಿಂದ ನಾಲ್ಕು ಅಡಿಟಿಪ್ಪಣಿ ಬರೆಯುವ ಕೆಲಸ ನನಗೆ ತಪ್ಪಿತು.

ಈಗ ನಿಜವಾದ ಸಿಕ್ಕಿಗೆ ಬರುತ್ತೇನೆ. ತೆಲುಗು ಪದಗಳು ಇಷ್ಟು ಚೆನ್ನಾಗಿ ಕೂರುತ್ತವೆ ಎಂದು ಸೆನೆಕಾ ಭಾಗಕ್ಕೂ ಅವನ್ನೇ ಹಾಕೋಣ ಅನ್ನಿಸಿತು. ಅಣ್ಣತಮ್ಮಂದಿರ ವಿಷಯದಲ್ಲಿ ಅದು ಸರಿ. ಸೆನೆಕಾದಲ್ಲೂ ಅಣ್ಣನಿಗೊಂದು, ತಮ್ಮನಿಗೊಂದು ಪದ ಇದೆ. ಇಂಗ್ಲಿಷಿನ 'ಬ್ರದರ್' ಅಳಿಸಿಹಾಕಿದ್ದನ್ನು ತೆಲುಗು ವಾಪಸು ಕೊಡುತ್ತದೆ. ಆದರೆ ಸೋದರಮಾವನ ಮಗನನ್ನು ಬಾವ ಎಂದು ಬರೆದ ಕೂಡಲೇ ಕೆಡುತ್ತದೆ. ಬಾವ ಎಂದರೆ ಮದುವೆಯಾಗಬಹುದಾದವನು, ಅಕ್ಕನ ಗಂಡನೂ ಬಾವನೇ. ಮಾಮ ಎಂದರೆ ಸೋದರಮಾವನೂ ಹೌದು, ಗಂಡನ ತಂದೆಯೂ ಹೌದು. ತೆಲುಗಿನ ಈ ಪದಗಳ ಹೊಟ್ಟೆಯಲ್ಲೇ ಮದುವೆ ಇದೆ. ಸೆನೆಕಾ ಪದಗಳಲ್ಲಿ ಅದಿಲ್ಲ, ಬೀಗರ ಕಡೆಯವರಿಗೆ ಅವರಲ್ಲಿ ಬೇರೆಯೇ ಪದಗಳಿವೆ.

ಒಂದು ಉದಾಹರಣೆ ನೋಡು, ನಮ್ಮ ಮನೆಯದೇ. ನಮ್ಮಪ್ಪನ ಸೋದರಮಾವನ ಮಗ ಒಬ್ಬರು ಹಿಂದೂಪುರದಲ್ಲಿದ್ದಾರೆ. ಅಪ್ಪನಿಗೆ ಅವರು ಬಾವ. ಅಪ್ಪನ ಬಾವ ನನಗೆ ಮಾವ, ಅವರ ಮಗ ನನಗೆ ಬಾವ. ನನ್ನ ಮದುವೆಯ ಮಾತು ಮೊದಲು ಎದ್ದಿದ್ದೇ ಆ ಮನೆಯಿಂದ. ಇದೇ ಮನುಷ್ಯನನ್ನು ಸೆನೆಕಾ ಮನೆಯಲ್ಲಿ ನಿಲ್ಲಿಸು. ಅಲ್ಲಿ ಅಪ್ಪನ ತಲೆಮಾರಿನ ಗಂಡಸು ಅಪ್ಪನಿಗೆ ಸೋದರಮಾವನ ಮಗನಾಗಲಿ, ದೊಡ್ಡಪ್ಪನ ಮಗನಾಗಲಿ, ನನಗೆ ಅಪ್ಪನೇ. ಹಾಗಾಗಿ ಅವರ ಮಗ ನನಗೆ ಅಣ್ಣ. ಹಿಂದೂಪುರದಲ್ಲಿ ವರನಾಗಬಹುದಾದ ಹುಡುಗ ಸೆನೆಕಾದಲ್ಲಿ ಒಡಹುಟ್ಟಿದವರ ಸಾಲಿಗೆ ಸೇರುತ್ತಾನೆ. ಈ ವ್ಯತ್ಯಾಸಕ್ಕೆ ಮಾರ್ಗನ್ ಹೆಚ್ಚು ಮಹತ್ವ ಕೊಡಲಿಲ್ಲ. 1964ರಲ್ಲಿ ಫ್ಲಾಯ್ಡ್ ಲೌನ್ಸ್‌ಬರಿ ಎಂಬ ಮಾನವಶಾಸ್ತ್ರಜ್ಞ ಅದನ್ನು ಬಿಡಿಸಿ ತೋರಿಸಿದ. ಇಂಗ್ಲಿಷಿನಲ್ಲಿ ಎರಡೂ 'ತಂದೆಯ ಕಸಿನ್‌ನ ಮಗ' ಅಷ್ಟೇ. ನಾನು ಸೆನೆಕಾ ಭಾಗದಲ್ಲಿ ಬಾವ ಎಂದು ಬರೆದರೆ ಲೇಖನದ ವಾದವನ್ನೇ ನನ್ನ ಕೈಯಾರೆ ಅಳಿಸಿದಂತೆ.

ಕೊನೆಗೆ ಸಿಕ್ಕ ದಾರಿ ಇದು. ತೆಲುಗು ಹಳ್ಳಿಯ ಭಾಗದಲ್ಲಿ ಬಾವ, ಅದೇ ಸಾಲಿನ ಹೆಣ್ಣುಮಕ್ಕಳಾದ ವದಿನ, ಮರದಲು ಎಲ್ಲವೂ ಧಾರಾಳವಾಗಿ ಇವೆ. ಸೆನೆಕಾ ಭಾಗದಲ್ಲಿ 'ಮೇನತ್ತ ಮೇನಮಾಮ ಬಿಡ್ಡಲು' ಎಂದು ಬಿಡಿಸಿ ಬರೆದೆ. ಬಿಡ್ಡಲು ಅಂದರೆ ಮಕ್ಕಳು. ಗಂಡೋ ಹೆಣ್ಣೋ, ದೊಡ್ಡವರೋ ಚಿಕ್ಕವರೋ ಎಂದು ಅದು ಹೇಳುವುದಿಲ್ಲ. ಆ ನೆಂಟರನ್ನು ಕರೆಯುವ ಸೆನೆಕಾ ಪದವೂ ಹೇಳುವುದಿಲ್ಲ. ಮದುವೆಯ ವಾಸನೆಯೂ ಇಲ್ಲ.

ಕುಲದ ವಿಷಯದಲ್ಲೂ ಕನ್ನಡ ನನ್ನ ಕಾಲಿಗೆ ತೊಡರಿತು. ಸೆನೆಕಾ ಜನರಲ್ಲಿ ತೋಳ, ಕರಡಿ, ಆಮೆ ಹೀಗೆ ಎಂಟು 'ಕ್ಲಾನ್'ಗಳಿವೆ. ತಾಯಿಯದು ಯಾವುದೋ ಮಕ್ಕಳದೂ ಅದೇ, ಒಳಗೊಳಗೇ ಮದುವೆ ಇಲ್ಲ. ನಾನು ಕುಲಂ ಎಂದು ಬರೆದೆ. ನಮಗೆ ಕುಲ ಎಂದರೆ ಜಾತಿಯೊಳಗಿನ ಕವಲು ಎಂಬ ಅರ್ಥವೂ ಇದೆ. ತೆಲುಗಿನಲ್ಲಿ ಕುಲಂ ಎಂದರೆ ನೇರವಾಗಿ ಜಾತಿ, ಜಾತಿ ಎಂದರೆ ರಾಷ್ಟ್ರ ಅಥವಾ ಜನಾಂಗ. ಅಮೆರಿಕದ ಕಾಡಿನಲ್ಲಿ ತೋಳದ ಜಾತಿ, ಕರಡಿಯ ಜಾತಿ ಹುಟ್ಟಿಸಿಬಿಟ್ಟಿದ್ದೆ. ಗೋತ್ರಂ ಹಾಕಿದರೆ ತಂದೆಯ ಕಡೆಯ ಎಳೆ ಮತ್ತು ಋಷಿಯ ಹೆಸರು ಬೆನ್ನಿಗೇ ಬರುತ್ತವೆ. ಇಂಟಿಪೇರು, ಅಂದರೆ ಮನೆತನದ ಹೆಸರು, ಅದೂ ತಂದೆಯಿಂದಲೇ. ಹಾಗಾಗಿ ಕ್ಲಾನ್ ಎಂಬುದನ್ನು ಹಾಗೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟೆ. 'ಸೆನೆಕಾ ನೇಷನ್' ಎಂಬುದಕ್ಕೆ ಜಾತಿ ಎಂದೇ ಬರೆದೆ. ತೆಲುಗಿನಲ್ಲಿ ಅದು ಗೌರವದ ಮಾತು. ತೆಗ ಎಂದಿದ್ದರೆ ಬುಡಕಟ್ಟು ಎಂದಂತೆ ಆಗುತ್ತಿತ್ತು, ಅವರು ತಮ್ಮನ್ನು ಕರೆದುಕೊಳ್ಳುವುದು ಹಾಗಲ್ಲ.

ಒಬ್ಬ ಸಂಪಾದಕರು ಇದನ್ನೆಲ್ಲ ನೋಡಿ, ಗಡಿಯವರ ತೆಲುಗು ಶುದ್ಧವಿರುವುದಿಲ್ಲ, ನಾವೇ ತಿದ್ದಿಕೊಳ್ಳುತ್ತೇವೆ ಎಂದರು. ತಿದ್ದಿ ಕಳಿಸಿದ ಪ್ರತಿಯಲ್ಲಿ ಎಲ್ಲ ಕಡೆಯೂ ಕಜಿನ್, ಅಂಕುಲ್ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಮ್ಮನ ತಾಯಿಯನ್ನು ನಾವು ಅವ್ವ ಎನ್ನುತ್ತೇವೆ, ತೆಲುಗಿನವರ ಹಾಗೆ. ನಿಮ್ಮ ಧಾರವಾಡದಲ್ಲಿ ಅವ್ವ ಹೆತ್ತ ತಾಯಿ. ಚಿಕ್ಕಪ್ಪನನ್ನು ನೀನು ಕಾಕಾ ಎಂದಾಗ ನಾನು ಯಾವತ್ತಾದರೂ ಅದು ಮರಾಠಿ, ಶುದ್ಧವಲ್ಲ ಎಂದಿದ್ದೇನೆಯೇ? ನನ್ನ ಪ್ರತಿಯನ್ನೇ ಮತ್ತೆ ಕಳಿಸಿದೆ, ಒಂದೊಂದು ಪದಕ್ಕೂ ಕಾರಣ ಬರೆದು.

ಇನ್ನು ಉಳಿದದ್ದು ಒಂದೇ ವಾಕ್ಯವಾಗಿತ್ತು. 'ಕಟಾವಿನ ಹೊತ್ತಿಗೆ ಅವನ ಕಸಿನ್ ಬಂದು ಪಾಲು ಕೇಳಿದ.' ತೆಲುಗಿನಲ್ಲಿ ಇದನ್ನು ಬರೆಯಬೇಕಾದರೆ ಬಂದವನು ಯಾವ ಕಡೆಯವನು, ದೊಡ್ಡವನೋ ಚಿಕ್ಕವನೋ ಗೊತ್ತಿರಬೇಕು. ಅನ್ನ, ತಮ್ಮುಡು, ಬಾವ, ಬಾವಮರಿದಿ, ನಾಲ್ಕರಲ್ಲಿ ಒಂದು. ಅನ್ನನೋ ತಮ್ಮುಡೋ ಆದರೆ ಹೊಲದಲ್ಲಿ ಪಾಲು ಕೇಳಲು ಅವನಿಗೆ ದಾರಿ ಇದೆ. ಬಾವನಾದರೆ ಅದು ಬೇರೆಯೇ ಜಗಳ. ಊಹಿಸಿ ಬರೆಯಲು ಮನಸ್ಸಾಗದೆ ಲೇಖಕಿಗೆ ಪತ್ರ ಹಾಕಿದೆ. ಅವರು ಆ ಹಳ್ಳಿಯಲ್ಲಿ ಕೂತು ಬರೆದುಕೊಂಡಿದ್ದ ಟಿಪ್ಪಣಿಯ ಪುಟವನ್ನೇ ಫೋಟೋ ತೆಗೆದು ಕಳಿಸಿದರು. ನಿನ್ನೆ ಸಂಜೆ ಬಂತು. ಇಂಗ್ಲಿಷ್ ಸಾಲುಗಳ ನಡುವೆ, ಅವರದೇ ಅಕ್ಷರದಲ್ಲಿ, ಊರಿನವರು ಹೇಳಿದ ಪದ ಹಾಗೇ ಇತ್ತು: ತಮ್ಮುಡು.