ಬೆಕ್ಕಿನ ಮೇಲೆ ಅನುಮಾನ, ಹಾಲಿನ ಮೇಲೆ ನಂಬಿಕೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ ಹತ್ತು ವಾರ ತುಂಬಿತ್ತು, ಮೊದಲ ಬಸಿರು. ಬೆಕ್ಕಿನ ಮಲದಿಂದಲೂ ಹರಡುವ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣುವಿನ ರಕ್ತಪರೀಕ್ಷೆಯ ವರದಿಯಲ್ಲಿ ಐಜಿಜಿ, ಐಜಿಎಂ ಎಂಬ ಎರಡೂ ಪ್ರತಿಕಾಯಗಳು ಪಾಸಿಟಿವ್ ಎಂದಿತ್ತು. "ನಾಲ್ಕು ವರ್ಷದಿಂದ ಸಾಕಿದ ಬೆಕ್ಕನ್ನು ಇವತ್ತೇ ಬಿಟ್ಟು ಬನ್ನಿ ಅಂತಿದ್ದಾರೆ ಅತ್ತೆ. ಮಗುವಿಗೆ ಏನಾದ್ರೂ ಆಗಿಬಿಟ್ಟಿದೆಯಾ?" ಎಂದು ಅತ್ತರು.

ಐಜಿಜಿ ಇದೆ ಎಂದರೆ ಸೋಂಕು ಯಾವಾಗಲೋ ತಗುಲಿದೆ ಎಂದರ್ಥ. ಐಜಿಎಂ ಇದ್ದರೆ ಅದು ಹೊಸ ಸೋಂಕೇ ಎಂದು ಜನ ಹೆದರುತ್ತಾರೆ. ಆದರೆ ಐಜಿಎಂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಜಾಸ್ತಿ ಉಳಿಯುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನಿಸಬಾರದು. ವೈದ್ಯರಿಗೆ ಹೇಳಿ, ಪ್ರತಿಕಾಯ ರೋಗಾಣುವಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡಿ ಸೋಂಕು ಎಷ್ಟು ಹಳೆಯದೆಂದು ಅಂದಾಜಿಸುವ ಐಜಿಜಿ ಅವಿಡಿಟಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಹನ್ನೊಂದನೇ ವಾರದಲ್ಲಿ ಫಲಿತಾಂಶ ಬಂತು: ಅವಿಡಿಟಿ ಹೆಚ್ಚು. ಅಂದರೆ ಸೋಂಕಾಗಿ ಸುಮಾರು ನಾಲ್ಕು ತಿಂಗಳಾದರೂ ಕಳೆದಿದೆ, ಅದು ಬಸಿರಿಗೂ ಮುಂಚಿನದು. ಮಗುವಿಗೆ ತಗುಲುವ ಸಾಧ್ಯತೆ ತೀರಾ ಕಡಿಮೆ. ಅವಿಡಿಟಿ ಕಡಿಮೆ ಬಂದಿದ್ದರೂ ಹೊಸ ಸೋಂಕೆಂದು ಖಚಿತವಾಗುತ್ತಿರಲಿಲ್ಲ, ತಜ್ಞರನ್ನು ಕಾಣಬೇಕಾಗುತ್ತಿತ್ತು, ಅಷ್ಟೆ.

ಬೆಕ್ಕನ್ನು ಬಿಡುವ ಅಗತ್ಯವಿಲ್ಲ ಎಂದೆ. ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಮಾತ್ರ ಬೆಕ್ಕು ಸಾಮಾನ್ಯವಾಗಿ ಮಲದಲ್ಲಿ ರೋಗಾಣು ಹೊರಹಾಕುತ್ತದೆ. ಆ ರೋಗಾಣು ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಹಾಗಾಗಿ ಮಲದ ತಟ್ಟೆಯನ್ನು ದಿನವೂ ಬೇರೆಯವರು ತೊಳೆಯಲಿ. ಆಕೆಯೇ ಮಾಡಬೇಕಾದರೆ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಬೆಕ್ಕಿಗೆ ಹಸಿ ಮಾಂಸ ಬೇಡ.

ನಂತರ ಊಟದ ಬಗ್ಗೆ ಕೇಳಿದೆ. ನನಗೆ ಚಿಂತೆಯಾಗಿದ್ದು ಅಲ್ಲೇ. ಶಕ್ತಿ ಜಾಸ್ತಿ ಅಂತ ಯಾರೋ ಹೇಳಿದ್ದಕ್ಕೆ ಆಕೆ ದಿನವೂ ಕಾಯಿಸದ, ಪಾಶ್ಚರೀಕರಿಸದ ಹಾಲು ಕುಡಿಯುತ್ತಿದ್ದರು. ಆರು ದಿನದ ಹಿಂದೆ ಹಸಿ ಮೀನೂ ತಿಂದಿದ್ದರು. "ಫ್ರೀಜ್ ಮಾಡಿದ್ದೇ ಅಲ್ವಾ?" ಎಂದರು. ಸರಿಯಾಗಿ ಫ್ರೀಜ್ ಮಾಡಿದರೆ ಮೀನಿನ ಹುಳುಗಳು ಸಾಯುತ್ತವೆ, ಆದರೆ ಹಸಿ ಹಾಲು, ಹಸಿ ಮೀನಿನಲ್ಲಿ ಇರಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದು ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ತಾಯಿಗೆ ಸುಮ್ನೆ ಸಣ್ಣ ಜ್ವರ, ಮೈಕೈ ನೋವಿನಂತೆ ಕಂಡರೂ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು. ಹಾಲು ಚೆನ್ನಾಗಿ ಕುದಿಸಿ, ಮೀನು ಪೂರ್ತಿ ಬೇಯಿಸಿ ಎಂದೆ.

ಈಗಾಗಲೇ ತಿಂದಿದ್ದಕ್ಕೆ? ಆಕೆಗೆ ಯಾವ ತೊಂದರೆಯೂ ಇರಲಿಲ್ಲ. ಅಂಥವರಿಗೆ ಪರೀಕ್ಷೆಯಾಗಲಿ ಔಷಧಿಯಾಗಲಿ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಲಕ್ಷಣ ಕಾಣಿಸಿಕೊಳ್ಳಲು 70 ದಿನದವರೆಗೂ ಹಿಡಿಯಬಹುದು. ಅಷ್ಟರೊಳಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, "ನಾನು ಗರ್ಭಿಣಿ, ಹಸಿ ಹಾಲು ಕುಡಿದಿದ್ದೆ" ಎಂದು ನೀವೇ ಬಾಯಿಬಿಟ್ಟು ಹೇಳಿ ಎಂದೆ. ಆಗ ವೈದ್ಯರು ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ, ಬೇಕಾದರೆ ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಶುರು ಮಾಡಬಹುದು.

ಆಕೆ ಕ್ಯಾಲೆಂಡರ್‌ನಲ್ಲಿ ಆ 70 ದಿನ ಮುಗಿಯುವ ದಿನಕ್ಕೆ ಗುರುತು ಹಾಕಿಕೊಂಡರು. ಬೆಕ್ಕಿನ ತಟ್ಟೆ ತೊಳೆಯುವ ಕೆಲಸವನ್ನು ಗಂಡ ಒಪ್ಪಿಕೊಂಡರು.