ಹುಡುಗನೋ ಹುಡುಗಿಯೋ ಅಂತ ಕೇಳೋದನ್ನ ಮೊದಲು ನಿಲ್ಲಿಸಿ

“ನನ್ನ ಐದು ವರ್ಷದ ಮಗ ಮೂರು ತಿಂಗಳಿಂದ ‘ನಾನು ಹುಡುಗಿ’ ಅಂತ ಹಟ ಹಿಡಿದಿದ್ದಾನೆ. ಇದು ವಯಸ್ಸಿನ ಆಟವೋ, ನಿಜವೋ ಅಂತ ಈಗಲೇ ತಿಳಿಯೋದು ಹೇಗೆ?”

ಈಗಲೇ ತಿಳಿಯೋಕೆ ಆಗಲ್ಲ, ತಿಳಿಯಲೇಬೇಕು ಅಂತಲೂ ಇಲ್ಲ. ಅದನ್ನ ಪತ್ತೆ ಹಚ್ಚೋಕೆ ಹೋಗಿಯೇ ನಾನು ಕೆಟ್ಟಿದ್ದು. ದಿನಾ ರಾತ್ರಿ ನನ್ನ ಮಗುವನ್ನ ಮಲಗಿಸುವಾಗ ‘ನಿಜ ಹೇಳು, ನೀನು ಹುಡುಗ ತಾನೇ?’ ಅಂತಿದ್ದೆ. ಗದರಿಸಿ ಅಲ್ಲ, ಮೆತ್ತಗೇ. ಒಂದು ದಿನ ಮಗು ‘ಹೂಂ’ ಅಂತು. ಸದ್ಯ, ಮುಗೀತು ಅಂದುಕೊಂಡೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಮೊದಲಿನ ಉತ್ತರ ತಪ್ಪಿರಬೇಕು ಅಂತ ಈ ವಯಸ್ಸಿನ ಮಕ್ಕಳು ಊಹಿಸುತ್ತವೆ. ನಮ್ಮ ಮುಖ ಅರಳಿಸುವ ಉತ್ತರ ಹುಡುಕಿ ಕೊಡುತ್ತವೆ. ಆ ‘ತಾನೇ’ಯಲ್ಲೇ ನನಗೆ ಬೇಕಾದ ಉತ್ತರ ಇತ್ತು. ಆಮೇಲೆ ಎಂಟು ತಿಂಗಳು ಮಗು ಆ ಮಾತೇ ಎತ್ತಲಿಲ್ಲ. ಬದಲಿಗೆ ಬೆಳಿಗ್ಗೆ ಹೊಟ್ಟೆನೋವು, ಶಾಲೆಯಲ್ಲಿ ಉಚ್ಚೆ ಕಟ್ಟಿಕೊಂಡು ಕೂರೋದು ಶುರುವಾಯ್ತು. ಹುಡುಗರ ಸಾಲಲ್ಲಿ ಟಾಯ್ಲೆಟ್‌ಗೆ ಹೋಗೋಕಾಗದೆ ಹಾಗೆ ಮಾಡ್ತಿತ್ತು ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ಮಗು ತಾನಾಗೇ ಹೇಳಿದಾಗ ‘ಹೌದಾ, ಹುಡುಗಿ ಆದ್ರೆ ಏನೇನು ಮಾಡ್ತೀಯ?’ ಅಂತ ಒಂದೇ ಸಲ ಕೇಳಿ, ಸುಮ್ಮನಿರಿ. ಕೆಲವು ಮಕ್ಕಳು ‘ಬಳೆ ಹಾಕ್ಕೋತೀನಿ’ ಅಂತಾವೆ. ಅದು ಬಳೆಯ ಆಸೆ. ಬಳೆ ಕೊಡಿಸಿದರೆ ಯಾವ ನಷ್ಟವೂ ಇಲ್ಲ. ಇನ್ನು ಕೆಲವು ಸ್ನಾನದ ಹೊತ್ತಿಗೆ ತಮ್ಮ ಮೈಯನ್ನೇ ಬೇಡ ಅಂತ ಅಳುತ್ತವೆ. ಎರಡೂ ಬೇರೆ. ಮಗು ಹೇಳಿದ್ದನ್ನ ಅದರದೇ ಮಾತಲ್ಲಿ, ತಾರೀಖು ಹಾಕಿ, ಆಗ ಏನು ನಡೀತಿತ್ತು ಅನ್ನೋದರ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಥ ಹಚ್ಚಬೇಡಿ.

ಕರೆಯೋದರಲ್ಲಿ ನಮ್ಮ ಭಾಷೆ ಅರ್ಧ ಕೆಲಸ ಹಗುರ ಮಾಡಿದೆ. ‘ನೀನು ಬಂದೆ’ಯಲ್ಲಿ ಗಂಡು ಹೆಣ್ಣು ಇಲ್ಲ. ಚುಚ್ಚೋದು ‘ಬಾರೋ’, ‘ಕಣೋ’. ‘ಬಾ ಮರಿ’, ‘ಬಾ ಕಂದ’ ಅಂದರೆ ಜಗಳವೇ ಇಲ್ಲ. ಹಾಗಂತ ಗಾಬರಿಯಲ್ಲಿ ಹೆಸರು ಬದಲಿಸಿ ಊರಿಗೆಲ್ಲ ಸಾರಲೂ ಹೋಗಬೇಡಿ, ಅದೂ ಒತ್ತಡವೇ. ನಾಳೆ ‘ನಾನು ಹುಡುಗ’ ಅಂದರೂ ಅಷ್ಟೇ ಸಲೀಸಾಗಿ ‘ಸರಿ’ ಅನ್ನೋ ಹಾಗಿರಲಿ.

ಹಟ ಆರು ತಿಂಗಳು ದಾಟಿದರೆ, ಜೊತೆಗೆ ನಿದ್ದೆ, ಶಾಲೆ, ಟಾಯ್ಲೆಟ್ ಕೆಟ್ಟರೆ, ಮಕ್ಕಳ ಮನೋವೈದ್ಯರಿಗೆ ತೋರಿಸಿ. ಮೈಗೆ ಏನಾದರೂ ಮಾಡಿಕೊಳ್ಳೋ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಒಂದು ವಿಭಾಗವಿದೆ. ಹೋಗುವಾಗ ಆ ಪುಸ್ತಕ ಒಯ್ಯಿರಿ; ಮಗುವಿನೆದುರು ಓದಿ ಹೇಳಬೇಡಿ. ಈ ವಯಸ್ಸಿಗೆ ಹಾರ್ಮೋನೂ ಇಲ್ಲ, ಆಪರೇಷನ್ನೂ ಇಲ್ಲ. ‘ಸರಿ ಮಾಡಿಕೊಡ್ತೀನಿ’ ಅನ್ನುವವರು ಸಿಕ್ಕರೆ ಎದ್ದು ಬನ್ನಿ, ಅಂಥ ‘ಚಿಕಿತ್ಸೆ’ಯನ್ನ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಅಂದಿದೆ.

ಆರು ತಿಂಗಳಾಗೋವರೆಗೆ ಶಾಲೆಯ ವಿಷಯಕ್ಕೆ ಕಾಯಬೇಡಿ. ನಾಳೆಯೇ ಟೀಚರ್ ಹತ್ತಿರ, ಮಗು ತಾನೊಂದೇ ಹೋಗಬಹುದಾದ ಟಾಯ್ಲೆಟ್ ಯಾವುದಿದೆ ಅಂತ ಕೇಳಿ.