ದಾರ ಎಲ್ಲಿತ್ತು?

“ಮೇಡಂ, ‘ಹೊಸ ಕನ್ನಡಿ’ ಅನ್ನುವ ಕಥೆ ಕಳಿಸುತ್ತಿದ್ದೇನೆ. ಅಮ್ಮನ ಹಳೆಯ ಲೇಡೀಸ್ ಪಾರ್ಲರನ್ನು, ಮನೆಯವರೆಲ್ಲ ಬೇಡ ಅಂದರೂ, ಮಗ ಈ ಕಾಲಕ್ಕೆ ತಕ್ಕಂತೆ ಬದಲಾಯಿಸುತ್ತಾನೆ. ಓದಿದ ಗೆಳೆಯರೆಲ್ಲ ಚೆನ್ನಾಗಿದೆ ಅಂದರು. ಆದರೆ ಎರಡು ಕಡೆಯಿಂದ ಕಾರಣ ಹೇಳದೆ ವಾಪಸ್ ಬಂದಿದೆ. ಎಲ್ಲಿ ತಪ್ಪಿದ್ದೇನೆ, ಮುಲಾಜಿಲ್ಲದೆ ಹೇಳಿ.”

ನಿಮ್ಮ ಭಾಷೆ ಶುದ್ಧವಾಗಿದೆ. ಕೊನೆಯ ಪುಟದಲ್ಲಿ ಅಮ್ಮ ಹಳೆಯ ಬೋರ್ಡನ್ನು ಒರೆಸಿ ಮಂಚದ ಕೆಳಗೆ ತಳ್ಳುವುದು ಚೆನ್ನಾಗಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಮುಲಾಜಿಲ್ಲದೆ ಅಂದಿದ್ದೀರಲ್ಲ, ನೇರವಾಗಿ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಹಸ್ತಪ್ರತಿ ಮುಚ್ಚಿಟ್ಟು ಒಂದು ಸುತ್ತು ಓಡಾಡಿ ಬಂದೆ.

ನಿಮ್ಮ ಸಾಲುಗಳು ಇವು: “ಅಮ್ಮ ಎರಡೂ ಕೈಯಲ್ಲಿ ದಾರ ಹಿಡಿದು ಚಕಚಕನೆ ಹುಬ್ಬು ತಿದ್ದುತ್ತಿದ್ದಳು. ಕುರ್ಚಿಯಲ್ಲಿದ್ದ ಹೆಂಗಸು ಮಡಿಲಲ್ಲಿ ಕೈ ಜೋಡಿಸಿ, ಕಣ್ಣು ಮುಚ್ಚಿ ಹಾಯಾಗಿ ಒರಗಿದ್ದಳು. ‘ನಿಮ್ಮ ಮಗಳ ಓದು ಮುಗೀತಾ?’ ಎಂದು ಅಮ್ಮ ಕೈ ನಿಲ್ಲಿಸದೆ ಕೇಳಿದಳು. ಬಾಗಿಲ ಬಳಿ ನಿಂತಿದ್ದ ಮಗ ಆ ಹಳೆಯ ಕೋಣೆಯನ್ನು ಬೇಸರದಿಂದ ನೋಡಿದ.”

ನಾಲ್ಕು ವಾಕ್ಯ. ನಾಲ್ಕರಲ್ಲೂ ನೀವು ಪಾರ್ಲರಿನ ಒಳಗಿಲ್ಲ.

ಮೊದಲನೆಯದು. ಎರಡೂ ಕೈಯಲ್ಲಿ ದಾರ ಅಂದಿರಿ. ದಾರದ ಇನ್ನೊಂದು ತುದಿ ಎಲ್ಲಿತ್ತು? ಹಳೆಯ ಕಾಲದಿಂದ ಕೆಲಸ ಮಾಡಿಕೊಂಡು ಬಂದವರು ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ. ಒಂದು ತುದಿ ಹಲ್ಲಿಗೆ, ಇನ್ನೊಂದು ಎಡಗೈಗೆ. ನಡುವಿನ ದಾರವನ್ನು ಬಲಗೈ ಬೆರಳುಗಳ ಮೇಲೆ ಕುಣಿಕೆ ಮಾಡಿ, ನಾಲ್ಕಾರು ಸುತ್ತು ಹುರಿ ತಿರುವುತ್ತಾರೆ. ಬೆರಳು ಅಗಲಿಸಿದರೆ ಆ ಹುರಿ ಮುಂದಕ್ಕೆ ಓಡಿ, ಎದುರಿಗೆ ಸಿಕ್ಕ ಕೂದಲನ್ನು ಸುತ್ತಿಕೊಂಡು ಬುಡಸಮೇತ ಕೀಳುತ್ತದೆ. ಬೆರಳು ಕೂಡಿಸಿ ತಲೆಯನ್ನು ತುಸು ಹಿಂದಕ್ಕೆ ತಂದರೆ ಹುರಿ ಮತ್ತೆ ಜಾಗಕ್ಕೆ ಬರುತ್ತದೆ. ಅಂದರೆ ದುಡಿಯುವುದು ಕೈಯಷ್ಟೇ ಅಲ್ಲ. ಕತ್ತು, ದವಡೆ, ಹಲ್ಲು ಎಲ್ಲವೂ ಸೇರಿ ದುಡಿಯುತ್ತವೆ. ಹತ್ತಿರದಿಂದ ನೋಡಿದವರಿಗೆ ಮೊದಲು ನೆನಪಾಗುವುದು ಆ ತಲೆ ಕೋಳಿಯಂತೆ ಹಿಂದೆ ಮುಂದೆ ಆಡುವುದು. ನಿಮ್ಮ ‘ಚಕಚಕನೆ’ ಎಂಬ ಪದದಲ್ಲಿ ಅದು ಎಲ್ಲೂ ಕಾಣಲಿಲ್ಲ.

ಎರಡನೆಯದು. ಮಡಿಲಲ್ಲಿ ಕೈ ಜೋಡಿಸಿ ಹಾಯಾಗಿ ಒರಗಿದ್ದಳಂತೆ! ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದೇನೆ, ಒಂದು ದಿನವೂ ನನ್ನ ಕೈ ಮಡಿಲಲ್ಲಿ ಇದ್ದದ್ದಿಲ್ಲ. ಐಬ್ರೋ ಮಾಡಿಸಲು ಕೂತವಳು ಒಂದು ಕೈಯಿಂದ ಹುಬ್ಬಿನ ಮೇಲಿನ ಚರ್ಮವನ್ನು ಮೇಲಕ್ಕೆ, ಇನ್ನೊಂದರಿಂದ ರೆಪ್ಪೆಯನ್ನು ಕೆಳಕ್ಕೆ ಎಳೆದು ಹಿಡಿದಿರಬೇಕು. “ಟೈಟಾಗಿ ಹಿಡ್ಕೊಳ್ಳಿ” ಎನ್ನುವುದು ಪಾರ್ಲರಿನಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತದೋ. ಚರ್ಮ ಸಡಿಲಾದರೆ ಹುರಿಗೆ ಕೂದಲ ಜೊತೆ ಚರ್ಮವೂ ಸಿಗುತ್ತದೆ. ಸಣ್ಣಗೆ ಕೊಯ್ದಂತಾಗಿ, ಮರುದಿನ ಮುಖ ತೊಳೆಯುವಾಗ ಉರಿಯುತ್ತದೆ, ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ ಕಾಣುತ್ತದೆ. ಇನ್ನು ಹಾಯಾಗಿ? ಕಣ್ಣಲ್ಲಿ ನೀರು ತುಂಬುತ್ತದೆ, ಎಷ್ಟೋ ಸಲ ಸೀನು ಬರುತ್ತದೆ, ಸೀನು ಬರುವ ಮುಂಚೆ ಕೈ ಎತ್ತಿ ತಡೆಯಬೇಕು.

ಮೂರನೆಯದು ನನ್ನನ್ನು ಹೆಚ್ಚು ಕೆಣಕಿತು. ಅಮ್ಮ ಕೈ ನಿಲ್ಲಿಸದೆ ಕೇಳಿದಳಂತೆ. ಬಾಯಲ್ಲಿ ದಾರ ಕಚ್ಚಿಕೊಂಡವಳು ಹೇಗೆ ಕೇಳುತ್ತಾಳೆ? ಪಾರ್ಲರಿನಲ್ಲಿ ಮಾತಾಡುವುದು ಕುರ್ಚಿಯಲ್ಲಿ ಕೂತವಳು. ದಾರ ಹಿಡಿದವಳಿಗೆ ಸಾಧ್ಯವಾಗುವುದು “ಹ್ಞೂಂ”, “ಉಹ್ಞೂಂ” ಅಷ್ಟೇ. ಕಣ್ಣು ಮುಚ್ಚಿಕೊಂಡು, ಎದುರಿನವಳು ಮಾತಾಡಲಾರಳು ಅನ್ನುವ ಧೈರ್ಯದಲ್ಲಿ ಹೆಂಗಸರು ಅಲ್ಲಿ ಏನೇನೋ ಹೇಳಿಬಿಡುತ್ತಾರೆ. ನಿಮ್ಮ ಕಥೆಯ ಅಮ್ಮ ಇಷ್ಟು ವರ್ಷ ಏನು ಮಾಡಿದ್ದಾಳೆ? ಹುಬ್ಬು ತಿದ್ದಿದ್ದಾಳೆ, ಕೇಳಿಸಿಕೊಂಡಿದ್ದಾಳೆ. ಅವಳ ಬಾಯಿಗೆ ನೀವು ಕುಶಲೋಪರಿ ತುರುಕಿದಿರಿ. ಕಥೆ ಅಲ್ಲೇ ಸೋರಿಹೋಯಿತು.

ನಾಲ್ಕನೆಯದಕ್ಕೆ ಉತ್ತರ ನೀವೇ ಕೊಡಬೇಕು. ಮಗ ಬಾಗಿಲ ಬಳಿ ನಿಂತು ಒಳಗೆ ನೋಡಿದ್ದು ಹೇಗೆ? ಅದು ಲೇಡೀಸ್ ಪಾರ್ಲರ್ ಸ್ವಾಮಿ. ಬಾಗಿಲಿಗೊಂದು ದಪ್ಪ ಪರದೆ ಇರುತ್ತದೆ. ಚಿಕ್ಕವನಿದ್ದಾಗ ಒಳಗೆ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡಿರಬಹುದು. ಒಂದು ದಿನ ಯಾರೋ ಗಿರಾಕಿ “ಹುಡುಗ ದೊಡ್ಡವನಾದ ಅಲ್ವಾ” ಎಂದಿರುತ್ತಾಳೆ, ಅವತ್ತಿನಿಂದ ಪರದೆಯ ಈಚೆ. ತನ್ನ ಅಮ್ಮ ದುಡಿಯುವುದನ್ನು ನೋಡಲು ಹಕ್ಕಿಲ್ಲದ ಮಗ, ಅದನ್ನು ಬದಲಾಯಿಸಲು ಹೊರಟಿದ್ದಾನೆ. ಇಷ್ಟು ಒಳ್ಳೆಯ ಪೇಚು ಕೈಯಲ್ಲಿಟ್ಟುಕೊಂಡು, ಅದು ಇಲ್ಲವೇ ಇಲ್ಲವೆಂಬಂತೆ ಅವನನ್ನು ಒಳಗೆ ನಿಲ್ಲಿಸಿಬಿಟ್ಟಿರಲ್ಲ!

ನಾನೂ ಹೀಗೆಯೇ ಬರೆದವಳು. ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಟ್ಟೆ ಹೊಲಿದು ಮನೆ ನಡೆಸುವ ಹೆಂಗಸೊಬ್ಬಳ ಕಥೆ ಬರೆದು ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟಿದ್ದೆ. “ಅವಳು ರಾತ್ರಿಯಿಡೀ ಮಿಷನ್ ತುಳಿದಳು” ಅನ್ನುವ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ. ಮೂರು ದಿನ ಬಿಟ್ಟು ವಾಪಸ್ ಬಂತು. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಎರಡೇ ಪದ: “ಬಾಬಿನ್ ಖಾಲಿಯಾಗಲಿಲ್ಲವೇ?” ಮೈಯೆಲ್ಲ ಉರಿದುಹೋಯಿತು. ಕರುಳು ಹಿಂಡಿ ಬರೆದಿದ್ದೇನೆ, ಇವರು ಬಾಬಿನ್ ಕೇಳುತ್ತಾರಲ್ಲ ಅಂತ. ಆದರೂ ಒಂದು ಭಾನುವಾರ, ನನಗೆ ರವಿಕೆ ಹೊಲಿದುಕೊಡುತ್ತಿದ್ದವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಾಬಿನ್ನಿಗೆ ಸುತ್ತಿದ ಕೆಳಗಿನ ದಾರ ಮುಗಿದದ್ದು ಅವರಿಗೂ ತಕ್ಷಣ ತಿಳಿಯಲಿಲ್ಲ. ಮಿಷನ್ ಅದೇ ಸದ್ದಿನಲ್ಲಿ ಓಡುತ್ತಿತ್ತು, ಸೂಜಿ ಏಳುತ್ತಿತ್ತು ಇಳಿಯುತ್ತಿತ್ತು. ಗೇಣುದ್ದ ಹೋದ ಮೇಲೆ ಬಟ್ಟೆ ಎತ್ತಿ ನೋಡಿದರೆ ಬರೀ ತೂತು, ಹೊಲಿಗೆಯೇ ಬಿದ್ದಿಲ್ಲ. ಆ ಗೇಣುದ್ದದ ತೂತುಗಳೇ ನನ್ನ ಕಥೆ ಅಂತ ಮನೆಗೆ ಬರುವಷ್ಟರಲ್ಲಿ ಹೊಳೆದಿತ್ತು. ತಿರುಗಿ ಬರೆದೆ. ಸಂಪಾದಕರು ಅದನ್ನೂ ಹಾಕಲಿಲ್ಲ, ಅದು ಬೇರೆ ಮಾತು.

ಇನ್ನು ನಿಮ್ಮ ಐದನೇ ಪುಟ. “ಮೂರೇ ತಿಂಗಳಲ್ಲಿ ಎಲ್ಲವೂ ಬದಲಾಯಿತು. ಎಲ್‌ಇಡಿ ಕನ್ನಡಿಗಳು, ಹೈಡ್ರಾಲಿಕ್ ಕುರ್ಚಿ, ಏಸಿ, ಬುಕಿಂಗ್ ಆ್ಯಪ್, ಕಾರ್ಡ್ ಮಿಷನ್ ಬಂದವು.” ಇದು ಅಂಗಡಿಯ ಬಿಲ್. ದುಡ್ಡಿದ್ದರೆ ಯಾರು ಬೇಕಾದರೂ ಕುರ್ಚಿ ಬದಲಾಯಿಸಬಹುದು, ಅದರಲ್ಲಿ ಅಮ್ಮನಿಗೆ ನೋವೂ ಇಲ್ಲ, ಮಗನಿಗೆ ಅಪಾಯವೂ ಇಲ್ಲ. ಪಟ್ಟಿಯನ್ನು ಪೂರ್ತಿ ಹೊಡೆದುಹಾಕಿ, ಒಂದೇ ಒಂದು ಬದಲಾವಣೆ ಇಟ್ಟುಕೊಳ್ಳಿ. ಅಮ್ಮನ ಬಾಯಿಂದ ದಾರ ತೆಗೆಸಿ.

ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ. ಬಾಯಲ್ಲಿ ಕಚ್ಚಿದ ದಾರವನ್ನು ಗಿರಾಕಿಯ ಮುಖದ ಹತ್ತಿರ ತರುವುದು ಶುಚಿಯಲ್ಲ ಎಂದು ಈಗ ಅನೇಕ ಕಡೆ ತುದಿಯನ್ನು ಕತ್ತಿಗೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಎರಡೂ ತುದಿ ಗಂಟು ಹಾಕಿ ಬರೀ ಕೈಯಲ್ಲೇ ಮಾಡುತ್ತಾರೆ. ಹೇಳುವುದು ಸುಲಭ. ಇಷ್ಟು ವರ್ಷ ಹಲ್ಲಿಗೆ ಅಭ್ಯಾಸವಾದ ಬಿಗಿ ಕತ್ತಿಗೆ ಬರುವುದಿಲ್ಲ. ದಾರದ ಉದ್ದವೇ ಬೇರೆಯಾಗುತ್ತದೆ. ತಲೆ ಹಿಂದಕ್ಕೆ ತಂದರೆ ಮೊದಲಿನಂತೆ ಹುರಿ ತಿರುಗಿ ಬರುವುದಿಲ್ಲ, ಇಡೀ ಮೈ ಹಿಂದಕ್ಕೆ ಹೋಗಬೇಕು. ಬಿಗಿ ಕಡಿಮೆಯಾದರೆ ಕೂದಲು ಬುಡದಿಂದ ಬರದೆ ನಡುವೆ ತುಂಡಾಗುತ್ತದೆ. ಅಲ್ಲೇ ಗೊತ್ತಾಗುವುದಿಲ್ಲ. ಎರಡು ಮೂರು ದಿನಕ್ಕೇ ಬೆರಳಾಡಿಸಿದರೆ ಮೊಳೆ ಮೊಳೆಯಾಗಿ ತಾಗುತ್ತದೆ, ಗಿರಾಕಿ “ಈ ಸಲ ಬೇಗ ಬಂದುಬಿಡ್ತು” ಅನ್ನುತ್ತಾಳೆ. ಗುರಿ ಒಂದಿಷ್ಟು ತಪ್ಪಿದರೆ ಬೇಡದ ಜಾಗದಲ್ಲಿ ನಾಲ್ಕು ಕೂದಲು ಹೋಗುತ್ತವೆ. ಎಡದ್ದು ತೆಳ್ಳಗಾಯಿತೆಂದು ಬಲದ್ದನ್ನು ಸಮ ಮಾಡಲು ಹೋಗಿ, ಅದು ಇನ್ನೂ ತೆಳ್ಳಗಾಗಿ, ಮತ್ತೆ ಎಡಕ್ಕೆ ಬಂದು… ಕಿತ್ತ ಹುಬ್ಬು ತಿಂಗಳೊಪ್ಪತ್ತಿನಲ್ಲಿ ಬಂದರೆ ಪುಣ್ಯ. ಇಪ್ಪತ್ತು ವರ್ಷದಿಂದ ಬರುತ್ತಿರುವ ಗಿರಾಕಿಗಳು ಅಷ್ಟು ದಿನ ಕಾಯುತ್ತಾರೆಯೇ? ಅಮ್ಮನ ಭಯ ಇದು. “ಹೊಸ ಕಾಲ ನಮಗೆ ಹೊಂದುವುದಿಲ್ಲ ಮಗನೇ” ಎಂದು ನೀವು ಬರೆಸಿದ್ದು ಅವಳ ಭಯವಲ್ಲ.

ಹಾಗಿದ್ದರೆ ಅವಳು ಹೊಸ ರೀತಿಯನ್ನು ಕಲಿಯುವುದು ಎಲ್ಲಿ? ಕಲಿಯುವವರು ಮೊದಲು ತಮ್ಮದೇ ಕಾಲಿನ ಕೂದಲ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಅವಳೂ ಹಾಗೆ ಶುರುಮಾಡಲಿ. ಆದರೆ ಕಾಲು ಹುಬ್ಬಲ್ಲ, ಅಲ್ಲಿ ರೆಪ್ಪೆಯೂ ಇಲ್ಲ, ಆಕಾರವೂ ಇಲ್ಲ. ಯಾರಾದರೂ ತಮ್ಮ ಹುಬ್ಬು ಕೊಡಬೇಕು. ನಿಮ್ಮ ಕಥೆಯನ್ನು ನಾನು ಬರೆಯಬಾರದು, ಗೊತ್ತು, ಆದರೂ ತಡೆದುಕೊಳ್ಳಲಾಗುತ್ತಿಲ್ಲ: ರಾತ್ರಿ ಶಟರ್ ಎಳೆದ ಮೇಲೆ, ಕೊನೆಯ ಗಿರಾಕಿ ಹೋದ ಮೇಲೆ, ಮಗ ಪರದೆ ಸರಿಸಿ ಒಳಗೆ ಬಂದು ಆ ಕುರ್ಚಿಯಲ್ಲಿ ಕೂರಲಿ. ಅಮ್ಮ ಪೌಡರ್ ಹಚ್ಚಲಿ. ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಳ್ಳಲಿ (ಬೇಕಾದರೆ ನಿಮ್ಮ ಆ ವಾಕ್ಯವನ್ನು ಇಲ್ಲಿಗೆ ತನ್ನಿ, ಇಲ್ಲಿ ಅದು ಸರಿ). ಅಮ್ಮ ಅವನ ಬೆರಳು ಹಿಡಿದು ರೆಪ್ಪೆಯ ಮೇಲಿಡಲಿ. ಬಾಯಲ್ಲಿ ದಾರವಿಲ್ಲ ಈಗ. ಅಷ್ಟು ವರ್ಷದಲ್ಲಿ ಮೊದಲ ಸಲ ಕೆಲಸದ ನಡುವೆ ಅವಳ ಬಾಯಿ ಖಾಲಿ ಇದೆ. ಅವಳು ಏನು ಹೇಳುತ್ತಾಳೆ, ಅಥವಾ ಅಭ್ಯಾಸಬಲದಿಂದ “ಹ್ಞೂಂ” ಅಂತಲೇ ಅನ್ನುತ್ತಾಳಾ, ಅದನ್ನು ನೀವು ಕಂಡುಕೊಳ್ಳಿ.

ಇದನ್ನು ಬರೆಯುವ ಮೊದಲು ನೀವೂ ಒಂದು ಸಲ ಎರಡು ಹುಬ್ಬಿನ ನಡುವಿನ ಕೂದಲನ್ನಾದರೂ ದಾರದಲ್ಲಿ ತೆಗೆಸಿಕೊಳ್ಳಿ. ಮನೆಯಲ್ಲಿ ಅಕ್ಕತಂಗಿಯರಿಗೆ ಹೇಳಿದರೆ ದಾರಿ ತೋರಿಸುತ್ತಾರೆ, ನಗುತ್ತಾರೆ ಕೂಡ.

ಚಿಕ್ಕಪ್ಪ ಸಂಸ್ಕೃತಿ, ಮಾನ ಮರ್ಯಾದೆ ಎಂದು ಒಂದೂವರೆ ಪುಟ ಮಾತಾಡುತ್ತಾರಲ್ಲ, ಅದನ್ನು ತೆಗೆಯಿರಿ. ಮನೆಯವರ ಅನುಮಾನಕ್ಕೆ ಭಾಷಣ ಬೇಕಿಲ್ಲ. ಮರುದಿನ ಬೆಳಿಗ್ಗೆ ಮಗ ಎಡಹುಬ್ಬು ತೆಳ್ಳಗಾಗಿ, ಬಲಹುಬ್ಬು ಇನ್ನೂ ತೆಳ್ಳಗಾಗಿ, ಕಾಫಿ ಕುಡಿಯಲು ಬಂದು ಕೂರಲಿ. ಚಿಕ್ಕಪ್ಪ ಪೇಪರ್ ಇಳಿಸಿ ಅವನ ಮುಖ ನೋಡಲಿ.